ಪಾಸಾದ ಮೇಲೆ ಎದುರಾಗುವ ಷರತ್ತುಗಳು: ಅಭ್ಯರ್ಥಿ ಕೈಪಿಡಿಯನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಸರ್ಟಿಫಿಕೇಶನ್ ಪರೀಕ್ಷೆಗೆ ಓದುತ್ತಿರುವವರಿಗೆ ಸಿಲಬಸ್ ಬಾಯಿಪಾಠ ಆಗಿರುತ್ತದೆ. ಯಾವ ಪಾಠದಿಂದ ಎಷ್ಟು ಪ್ರಶ್ನೆ ಬರುತ್ತದೆ ಅಂತಲೂ ಹೇಳುತ್ತಾರೆ. ಆದರೆ ಕ್ಯಾಂಡಿಡೇಟ್ ಹ್ಯಾಂಡ್‌ಬುಕ್, ಅಂದರೆ ಅಭ್ಯರ್ಥಿ ಕೈಪಿಡಿ, ಪೂರ್ತಿ ಓದಿದವರು ಕಡಿಮೆ. ಫೀಸ್ ಕಟ್ಟುವಾಗ "ನಿಯಮಗಳನ್ನು ಒಪ್ಪಿದ್ದೇನೆ" ಅನ್ನುವ ಚೌಕಕ್ಕೆ ಟಿಕ್ ಹಾಕಿ ಮುಂದೆ ಹೋಗಿರುತ್ತಾರೆ. ಅವರು ಒಪ್ಪಿಕೊಂಡಿದ್ದು ಏನನ್ನು ಅನ್ನುವುದೇ ಇವತ್ತಿನ ನನ್ನ ವಿಷಯ.

ಒಂದೇ ಒಂದು ಪರೀಕ್ಷೆಯನ್ನು ಹಿಡಿದು ಮಾತಾಡುತ್ತೇನೆ. ಮಾಹಿತಿ ಭದ್ರತೆಯ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ಸಿಐಎಸ್‌ಎಸ್‌ಪಿ. ಇದನ್ನು ಕೊಡುವ ಸಂಸ್ಥೆ ಐಎಸ್‌ಸಿ2. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೆಲವು ಸಂಸ್ಥೆಗಳು ಅನುಭವವನ್ನು ಮೊದಲೇ ನೋಡಿ, ಅರ್ಹತೆ ಇದ್ದರೆ ಮಾತ್ರ ಪರೀಕ್ಷೆಗೆ ಬಿಡುತ್ತವೆ. ಇಲ್ಲಿ ಹಾಗಲ್ಲ. ಅನುಭವ ಇಲ್ಲದವರೂ ಫೀಸ್ ಕಟ್ಟಿ ಬರೆಯಬಹುದು. ಅನುಭವದ ಲೆಕ್ಕ ಕೇಳುವುದು ಪಾಸಾದ ಮೇಲೆ. ಅಂದರೆ ರಿಜಿಸ್ಟ್ರೇಶನ್ ಪುಟ ನಿಮ್ಮನ್ನು ಎಲ್ಲೂ ತಡೆಯುವುದಿಲ್ಲ. ನಿಮ್ಮ ಲೆಕ್ಕ ನೀವೇ ಹಾಕಿಕೊಂಡಿರಬೇಕು.

ಎಲ್ಲರಿಗೂ ಗೊತ್ತಿರುವ ನಿಯಮ "ಐದು ವರ್ಷ ಅನುಭವ ಬೇಕು" ಅನ್ನುವುದು. ಕೈಪಿಡಿ ಹೇಳುವುದು ಅಷ್ಟೇ ಅಲ್ಲ. ಸಿಲಬಸ್‌ನಲ್ಲಿ ಎಂಟು ವಿಭಾಗಗಳಿವೆ, ಡೊಮೇನ್ ಅನ್ನುತ್ತಾರೆ. ನಿಮ್ಮ ಐದು ವರ್ಷದ ಕೆಲಸ ಅವುಗಳಲ್ಲಿ ಕನಿಷ್ಠ ಎರಡಕ್ಕೆ ಸೇರಿರಬೇಕು. ಪೂರ್ಣಾವಧಿ ಕೆಲಸ ಅಂದರೆ ವಾರಕ್ಕೆ ಕನಿಷ್ಠ 35 ಗಂಟೆ. ಅರೆಕಾಲಿಕ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ಆದರೆ ವಾರಕ್ಕೆ 20ರಿಂದ 34 ಗಂಟೆಯ ಒಳಗೆ ಇರಬೇಕು. ಅಂಥ 1040 ಗಂಟೆ ಸೇರಿದರೆ ಆರು ತಿಂಗಳ ಪೂರ್ಣಾವಧಿಗೆ ಸಮ. 2080 ಗಂಟೆ ಆದರೆ ಒಂದು ವರ್ಷ. ಇನ್ನು ಕಂಪ್ಯೂಟರ್ ಸೈನ್ಸ್, ಐಟಿ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಪದವಿ ಇದ್ದರೆ, ಇಲ್ಲವೇ ಸಂಸ್ಥೆ ಒಪ್ಪಿದ ಪಟ್ಟಿಯ ಬೇರೊಂದು ಸರ್ಟಿಫಿಕೇಟ್ ಇದ್ದರೆ, ಒಂದು ವರ್ಷ ವಿನಾಯಿತಿ ಸಿಗಬಹುದು.

ಈಗ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳಿ. ಕಂಪ್ಯೂಟರ್ ಸೈನ್ಸ್ ಪದವಿ ಇದೆ. ಪಟ್ಟಿಯಲ್ಲಿರುವ ಒಂದು ಸರ್ಟಿಫಿಕೇಟೂ ಇದೆ. ಮೊದಲು 18 ತಿಂಗಳು ಹೆಲ್ಪ್‌ಡೆಸ್ಕ್‌ನಲ್ಲಿ ಪ್ರಿಂಟರ್, ಲ್ಯಾಪ್‌ಟಾಪ್ ರಿಪೇರಿ ನೋಡಿಕೊಂಡಿದ್ದಾರೆ. ಆಮೇಲೆ ಒಂದು ವರ್ಷ, ವಾರಕ್ಕೆ 20 ಗಂಟೆಯಂತೆ, ಭದ್ರತಾ ಲಾಗ್‌ಗಳನ್ನು ಗಮನಿಸುವ ಅರೆಕಾಲಿಕ ಕೆಲಸ. ಬಳಿಕ 24 ತಿಂಗಳು ಫೈರ್‌ವಾಲ್ ಮತ್ತು ನೆಟ್‌ವರ್ಕ್ ಭದ್ರತೆ. ಕೊನೆಗೆ 14 ತಿಂಗಳು ಯಾರಿಗೆ ಯಾವ ಸಿಸ್ಟಮ್‌ಗೆ ಪ್ರವೇಶ ಕೊಡಬೇಕು ಅನ್ನುವುದನ್ನು ನೋಡಿಕೊಳ್ಳುವ ಕೆಲಸ. ಒಟ್ಟು 68 ತಿಂಗಳು. ರೆಸ್ಯೂಮೆಯಲ್ಲಿ ಐದೂವರೆ ವರ್ಷಕ್ಕೂ ಜಾಸ್ತಿ. ಮೇಲೆ ವಿನಾಯಿತಿ ಬೇರೆ. ಇವರು ನಿಶ್ಚಿಂತೆಯಿಂದ ಫೀಸ್ ಕಟ್ಟುತ್ತಾರೆ ಅಲ್ವಾ?

ಕೈಪಿಡಿ ಪಕ್ಕಕ್ಕಿಟ್ಟುಕೊಂಡು ಮತ್ತೆ ಎಣಿಸೋಣ. ಪ್ರಿಂಟರ್ ರಿಪೇರಿ ಎಂಟು ಡೊಮೇನ್‌ಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. 18 ತಿಂಗಳು ಹೋಯಿತು. ಅರೆಕಾಲಿಕ ಕೆಲಸ 52 ವಾರಕ್ಕೆ 1040 ಗಂಟೆ, ಅಂದರೆ ಆರು ತಿಂಗಳು. ವಾರಕ್ಕೆ 18 ಗಂಟೆ ಮಾಡಿದ್ದರೆ ಅದೂ ಸೊನ್ನೆ. ಉಳಿದ ಎರಡು ಕೆಲಸ ಪೂರ್ತಿ ಸಿಗುತ್ತದೆ: 24 ಮತ್ತು 14. ಒಟ್ಟು 44 ತಿಂಗಳು. ಪದವಿಗೆ 12 ತಿಂಗಳು ಸೇರಿಸಿದರೆ 56. ಬೇಕಾದದ್ದು 60. ನಾಲ್ಕು ತಿಂಗಳು ಕಡಿಮೆ.

ಇಲ್ಲಿ ಸುಮಾರು ಜನ ಕೇಳುತ್ತಾರೆ: ಪದವಿಗೆ ಒಂದು ವರ್ಷ, ಸರ್ಟಿಫಿಕೇಟ್‌ಗೆ ಇನ್ನೊಂದು ವರ್ಷ ಸೇರಿಸಬಾರದಾ? ಸೇರಿಸುವಂತಿಲ್ಲ. ಎರಡೂ ಇದ್ದರೂ ವಿನಾಯಿತಿ ಒಂದೇ ವರ್ಷ. ಆ ಮಾತು ಇರುವುದು ಒಂದು ಚಿಕ್ಕ ವಾಕ್ಯದಲ್ಲಿ. ಅದಕ್ಕೇ ನಾನು ಕೈಪಿಡಿಯಲ್ಲಿ "ಗರಿಷ್ಠ", "ಮಾತ್ರ", "ಒಳಗೆ" ಅನ್ನುವ ಅರ್ಥದ ಪದಗಳು ಬಂದ ಕಡೆಯೆಲ್ಲ ಗೆರೆ ಎಳೆದುಕೊಂಡು ಓದಿ ಅನ್ನುವುದು. ಒಂದು ಪ್ಯಾರಾದಲ್ಲಿ ಕೊಟ್ಟದ್ದಕ್ಕೆ ಮಿತಿ ಹಾಕುವುದು ಇಂಥ ಪದಗಳೇ.

ಹಾಗಾದರೆ ಇವರು ಪರೀಕ್ಷೆ ಬರೆಯಬಾರದಾ? ಬರೆಯಬಹುದು. ಆದರೆ ಅದಕ್ಕೆ ಇನ್ನೊಂದು ಗಡುವು ಗೊತ್ತಿರಬೇಕು. ಪಾಸಾದವರು ಒಂಬತ್ತು ತಿಂಗಳೊಳಗೆ ಎಂಡಾರ್ಸ್‌ಮೆಂಟ್ ಮುಗಿಸಬೇಕು. ಅಂದರೆ ಈಗಾಗಲೇ ಐಎಸ್‌ಸಿ2 ಸರ್ಟಿಫಿಕೇಟ್ ಪಡೆದು ಸದಸ್ಯರಾಗಿರುವ ಒಬ್ಬರು ನಿಮ್ಮ ಅನುಭವ ನಿಜ ಅಂತ ಖಾತ್ರಿ ಕೊಡಬೇಕು. ಅಂಥವರು ಪರಿಚಯ ಇಲ್ಲದಿದ್ದರೆ ಸಂಸ್ಥೆಯೇ ಆ ಕೆಲಸ ಮಾಡುತ್ತದೆ, ಆದರೆ ಆಗ ದಾಖಲೆಗಳನ್ನು ನೀವೇ ಒದಗಿಸಬೇಕು. ಕೆಲವು ಅರ್ಜಿಗಳನ್ನು ಆಡಿಟ್‌ಗೂ ಆರಿಸುತ್ತಾರೆ. ಗಡುವು ದಾಟಿದರೆ ಪಾಸಾದ ಪರೀಕ್ಷೆಯನ್ನೇ ಮತ್ತೆ ಬರೆಯಬೇಕಾಗುತ್ತದೆ.

ನಮ್ಮ ಅಭ್ಯರ್ಥಿ ಇವತ್ತು ಪಾಸಾದರು ಅಂದುಕೊಳ್ಳಿ. ಅದೇ ಕೆಲಸದಲ್ಲಿ ಮುಂದುವರಿದರೆ ನಾಲ್ಕು ತಿಂಗಳಿಗೆ 60 ತುಂಬುತ್ತದೆ. ಅರ್ಜಿ ಹಾಕಲು ಇನ್ನೂ ಐದು ತಿಂಗಳು ಉಳಿಯುತ್ತದೆ. ಇದು ಆಗುವ ಮಾತು. ಕೊರತೆ ಹತ್ತು ತಿಂಗಳಿದ್ದರೆ ಈ ದಾರಿ ಮುಚ್ಚಿದೆ. ಆಗ ಇರುವುದು ಅಸೋಸಿಯೇಟ್ ದಾರಿ: ಅನುಭವ ತುಂಬಿಸಿಕೊಳ್ಳಲು ಆರು ವರ್ಷ ಸಮಯ ಕೊಡುತ್ತಾರೆ, ಅದಕ್ಕೂ ವಾರ್ಷಿಕ ಶುಲ್ಕ ಇದೆ. ಅಲ್ಲಿಯವರೆಗೆ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಅಂತ ಹಾಕಿಕೊಳ್ಳುವಂತಿಲ್ಲ. ಬಡ್ತಿಗೋಸ್ಕರ ಬರೆಯುವವರು ಇದನ್ನು ಫೀಸ್ ಕಟ್ಟುವ ಮೊದಲೇ ತಿಳಿದಿರಬೇಕು. ಆಫೀಸಿನವರು ಅಸೋಸಿಯೇಟ್ ಅನ್ನು ಒಪ್ಪುತ್ತಾರಾ ಅಂತ ಕೇಳಿಕೊಂಡಿರಬೇಕು.

ಉಳಿದ ನಿಯಮಗಳನ್ನು ಬೇಗ ಹೇಳುತ್ತೇನೆ. ಒಮ್ಮೆ ಫೇಲಾದರೆ ಮತ್ತೆ ಬರೆಯಲು 30 ದಿನ ಕಾಯಬೇಕು, ಎರಡನೇ ಸಲ ಫೇಲಾದರೆ 60, ಆಮೇಲೆ 90. ಹಾಗಾಗಿ "ಕೆಲಸದ ಸಂದರ್ಶನಕ್ಕೆ ಮೂರು ವಾರ ಮೊದಲು ಬರೆಯುತ್ತೇನೆ" ಅನ್ನುವ ಯೋಜನೆಯಲ್ಲಿ ಎರಡನೇ ಅವಕಾಶ ಇಲ್ಲ. ನೋಂದಣಿಯಲ್ಲಿ ಕೊಡುವ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ಹೊಂದದಿದ್ದರೆ ಕೇಂದ್ರದಲ್ಲಿ ಒಳಗೆ ಬಿಡದೇ ಇರಬಹುದು. ಪರೀಕ್ಷೆಗೆ ಹೋಗದೇ ಇದ್ದರೆ ಫೀಸ್ ವಾಪಸ್ ಬರುವುದಿಲ್ಲ. ದಿನಾಂಕ ಬದಲಿಸಲು ಬೇರೆ ಶುಲ್ಕ ಇದೆ. ಸರ್ಟಿಫಿಕೇಟ್ ಸಿಕ್ಕಿದ ಮೇಲೂ ವರ್ಷವರ್ಷ ಶುಲ್ಕ ಕಟ್ಟಬೇಕು, ಮೂರು ವರ್ಷಕ್ಕೆ 120 ಸಿಪಿಇ ಅಂಕ, ಅಂದರೆ ವೃತ್ತಿಯಲ್ಲಿ ಕಲಿಕೆ ಮುಂದುವರಿಸಿದ್ದಕ್ಕೆ ಸಿಗುವ ಅಂಕ, ಸೇರಿಸಬೇಕು. ಪರೀಕ್ಷೆಯ ಖರ್ಚು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಇವೆಲ್ಲ ಒಂದೇ ಪುಟದಲ್ಲಿ ಸಿಗುವುದಿಲ್ಲ. ಅನುಭವದ ನಿಯಮ ಒಂದು ಕಡೆ, ಎಂಡಾರ್ಸ್‌ಮೆಂಟ್ ಇನ್ನೊಂದು ಕಡೆ, ಮತ್ತೆ ಬರೆಯುವ ನಿಯಮ ಮತ್ತೊಂದು ಕಡೆ. ಕೈಪಿಡಿ ಬೇರೆ ಪುಟಕ್ಕೆ ಲಿಂಕ್ ಕೊಟ್ಟರೆ ಆ ಪುಟವೂ ಕೈಪಿಡಿಯ ಭಾಗವೇ. ಓದಿದ ದಿನಾಂಕ ಹಾಕಿ ಒಂದು ಪ್ರತಿ ಉಳಿಸಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಫೀಸ್ ಕಟ್ಟುವ ದಿನ ಇನ್ನೊಮ್ಮೆ ನೋಡಿ.

ಅನುಮಾನ ಬಂದಲ್ಲಿ ಗೆಳೆಯರನ್ನು ಕೇಳುವ ಬದಲು ಸಂಸ್ಥೆಗೇ ಇಮೇಲ್ ಹಾಕಿ. "ನನ್ನ ಅನುಭವ ಸಾಕಾಗುತ್ತದಾ" ಅಂತ ಕೇಳಿದರೆ ಅಲ್ಲಿಂದ ಬರುವುದು ಕೈಪಿಡಿಯ ಲಿಂಕ್ ಅಷ್ಟೇ. "ವಾರಕ್ಕೆ 20 ಗಂಟೆಯಂತೆ 52 ವಾರ ಲಾಗ್ ಗಮನಿಸಿದ್ದೇನೆ, ಇದನ್ನು ಯಾವ ಡೊಮೇನ್ ಕೆಳಗೆ ತೋರಿಸಬೇಕು, ಯಾವ ಪತ್ರ ಬೇಕು" ಅಂತ ಕೇಳಿ. ಬಂದ ಉತ್ತರವನ್ನು ಆ ಕೆಲಸದ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಹಳೇ ಕಂಪನಿಯಿಂದ ಪತ್ರ ಬೇಕಿದ್ದರೆ ಈಗಲೇ ತರಿಸಿ, ಮ್ಯಾನೇಜರ್ ಕೆಲಸ ಬಿಟ್ಟು ಹೋದ ಮೇಲೆ ಕಷ್ಟ.