ಒಂದೇ ಕ್ಷೇತ್ರಕಾರ್ಯ, ಒಂದೇ ಪುಟದ ಅರ್ಜಿಪತ್ರ

ಗೆಳೆಯರೇ, ಬಿ.ಎ. ಸಮಾಜಶಾಸ್ತ್ರದ ಕೊನೆಯ ವರ್ಷದವರು ರಿಸರ್ಚ್ ಅಸಿಸ್ಟಂಟ್ ಹುದ್ದೆಗೆ ಬರೆಯುವ ಕವರ್ ಲೆಟರ್‌ನಲ್ಲಿ ತೂಕ ಇರುವುದು ಒಂದೇ ಪ್ಯಾರಾಕ್ಕೆ, ಕ್ಷೇತ್ರಕಾರ್ಯದ ಪ್ಯಾರಾಕ್ಕೆ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಧಾರವಾಡದ ಒಬ್ಬ ವಿದ್ಯಾರ್ಥಿನಿ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿಯ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಪತ್ರದಲ್ಲಿ ಆಕೆ ಬರೆಯುವುದು ಹೀಗೆ: ‘ಅಸಂಘಟಿತ ಮಹಿಳಾ ಕಾರ್ಮಿಕರ ಕುರಿತು ಆಳವಾದ ಗುಣಾತ್ಮಕ ಅಧ್ಯಯನ ಕೈಗೊಂಡಿದ್ದೇನೆ.’ ಓದುವ ಪ್ರಾಧ್ಯಾಪಕರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಜನರನ್ನು ಮಾತಾಡಿಸಿದಳು, ಅವರು ಸಿಕ್ಕಿದ್ದು ಹೇಗೆ, ಮಾತನ್ನು ಬರಹಕ್ಕೆ ಇಳಿಸಿದವರು ಯಾರು? ಅವರಿಗೆ ಬೇಕಿರುವುದು ಈ ಪ್ರಶ್ನೆಗಳ ಉತ್ತರ.

ಅದೇ ಪ್ಯಾರಾವನ್ನು ಹೀಗೆ ಬರೆಯಬಹುದು: ‘ನಮ್ಮ ನಾಲ್ವರ ತಂಡದಲ್ಲಿ 22 ಸಂದರ್ಶನಗಳ ಪೈಕಿ 9 ನಾನು ಮಾಡಿದ್ದು. ಆರು ಜನ ರೆಕಾರ್ಡಿಂಗ್‌ಗೆ ಒಪ್ಪಿದರು. ಉಳಿದ ಮೂವರ ಮಾತನ್ನು ಅದೇ ಸಂಜೆ ಟಿಪ್ಪಣಿಯಿಂದ ಬಿಡಿಸಿ ಬರೆದೆ. ಮೊದಲ ಮೂರು ಸಂದರ್ಶನಗಳು ಮೇಸ್ತ್ರಿಯ ಎದುರಿಗೇ ನಡೆದವು. ಕೂಲಿಯ ಪ್ರಶ್ನೆಗೆ ಮೂವರೂ ಒಂದೇ ಉತ್ತರ ಕೊಟ್ಟರು. ಆಮೇಲೆ ಸಂಜೆ ಮನೆಗಳಲ್ಲಿ ಮಾತಾಡಿಸಿದಾಗ, ತೂಕದಲ್ಲಿ ಕಡಿತವಾಗುವ ವಿಷಯ ಹೊರಬಂತು. ಎಲ್ಲರೂ ಒಂದೇ ಓಣಿಯವರಾದ್ದರಿಂದ ಇದು ಇಡೀ ಊರಿನ ಚಿತ್ರವಲ್ಲ.’

ಮೇಸ್ತ್ರಿಯ ವಾಕ್ಯ ತೆಗೆದುಹಾಕಬೇಕೆಂದು ಹಲವರಿಗೆ ಅನಿಸುತ್ತದೆ. ತೆಗೆಯಬೇಡಿ. ಉತ್ತರಗಳೆಲ್ಲ ಒಂದೇ ತೆರ ಬಂದಾಗ ಅನುಮಾನಪಟ್ಟು ಜಾಗ ಬದಲಿಸಿದ್ದು ಅದರಲ್ಲಿ ಕಾಣುತ್ತದೆ, ಕ್ಷೇತ್ರದಲ್ಲಿ ಸಹಾಯಕರಿಂದ ಬೇಕಾಗುವುದೂ ಅದೇ. ಹಾಗೆಯೇ ‘ನಾವು’ ಮತ್ತು ‘ನಾನು’ ಬೇರೆಬೇರೆ ಇರಲಿ. 22 ನನ್ನದೇ ಎಂದು ಬರೆದವರು, ಸಂದರ್ಶನದ ಕೋಣೆಯಲ್ಲಿ ಹನ್ನೆರಡನೆಯದರ ಬಗ್ಗೆ ಕೇಳಿದರೆ ತಡವರಿಸುತ್ತಾರೆ.

ಮಾತನ್ನು ಬರಹಕ್ಕೆ ಇಳಿಸಿದ ಕೆಲಸವನ್ನು ಖಂಡಿತ ಹೇಳಿ. ಒಂದು ಗಂಟೆಯ ಧ್ವನಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಮಾರುಕಟ್ಟೆಯ ಗದ್ದಲ ಸೇರಿದ್ದರೆ ಇನ್ನೂ ಹೆಚ್ಚು. ಹಾವೇರಿ ಕಡೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಬರೆದಿದ್ದರೆ ಅದನ್ನೂ ಸೇರಿಸಿ. ಉರ್ದು ಮಾತಾಡುವವರ ಸಂದರ್ಶನಕ್ಕೆ ಗೆಳತಿಯ ನೆರವು ಪಡೆದಿದ್ದರೆ ಮುಚ್ಚಿಡಬೇಡಿ. ಮಾತಾಡಿದವರ ಹೆಸರು, ಮೇಸ್ತ್ರಿಯ ಹೆಸರು, ಓಣಿಯ ಹೆಸರು ಮಾತ್ರ ಪತ್ರದಲ್ಲಿ ಬರಕೂಡದು. ಗುಟ್ಟು ಕಾಯುತ್ತೇವೆಂದು ಒಪ್ಪಿಗೆ ಪಡೆದು ಅರ್ಜಿಯಲ್ಲೇ ಹೆಸರು ಬಿಟ್ಟುಕೊಟ್ಟರೆ, ಓದುವವರು ಅಲ್ಲಿಗೇ ನಿಲ್ಲಿಸಬಹುದು.

ಉಳಿದದ್ದು ಚುಟುಕಾಗಿರಲಿ. ಮೇಲೆ ಹುದ್ದೆ ಮತ್ತು ಜಾಹೀರಾತಿನ ಸಂಖ್ಯೆ. ಅವರ ಯೋಜನೆಗೆ ನಿಮ್ಮ ಕೆಲಸ ಎಲ್ಲಿ ಕೂಡುತ್ತದೆ ಎಂಬ ಎರಡು ಸಾಲು. ಎಕ್ಸೆಲ್‌ನಲ್ಲಿ ದತ್ತಾಂಶ ತುಂಬಿದ್ದಷ್ಟೇ ಆಗಿದ್ದರೆ ಅಷ್ಟನ್ನೇ ಬರೆಯಿರಿ, ‘ದತ್ತಾಂಶ ವಿಶ್ಲೇಷಣೆ’ ಎನ್ನಬೇಡಿ. ಮಾರ್ಗದರ್ಶಕರ ಹೆಸರು ಕೊಡುವ ಮುನ್ನ ಅವರನ್ನು ಕೇಳಿ. ಕೊನೆಗೆ, ಸೆಮಿಸ್ಟರ್ ಪರೀಕ್ಷೆ ಮುಗಿದು ಯಾವ ದಿನಾಂಕದಿಂದ ಕೆಲಸಕ್ಕೆ ಬರಬಲ್ಲಿರಿ, ಹಳ್ಳಿಗಳಲ್ಲಿ ಉಳಿಯಲು ಆಗುತ್ತದೆಯೇ ಎಂಬುದನ್ನು ಬರೆದು ಸಹಿ ಹಾಕಿ.