80 ರೂಪಾಯಿ ರೇಟು, 133 ರೂಪಾಯಿ ಬಾಡಿಗೆ

ನಮಸ್ಕಾರ ಕೇಳುಗರೇ. ಆಫೀಸಿಗೆ ಜಾಗ ಹುಡುಕೋವಾಗ ಎಲ್ರೂ ಮೊದಲು ಕೇಳೋದು ಸ್ಕ್ವೇರ್ ಫೀಟಿಗೆ ಎಷ್ಟು ಅಂತ, ಆದ್ರೆ ಅದು ಯಾವ ಸ್ಕ್ವೇರ್ ಫೀಟು ಅಂತ ಕೇಳೋರು ಕಮ್ಮಿ.

ನೀವು ಮೇಜು, ಕುರ್ಚಿ ಹಾಕ್ಕೊಂಡು ಕೂರೋ ಜಾಗ ಕಾರ್ಪೆಟ್ ಏರಿಯಾ. ಅದಕ್ಕೆ ಗೋಡೆಗಳ ದಪ್ಪ ಸೇರಿದ್ರೆ ಬಿಲ್ಟಪ್. ಆಮೇಲೆ ಲಾಬಿ, ಲಿಫ್ಟು, ಮೆಟ್ಟಿಲು, ಕಾಮನ್ ಟಾಯ್ಲೆಟ್ಟು, ಇದರಲ್ಲೆಲ್ಲ ನಿಮ್ಮ ಪಾಲು ಅಂತ ಸೇರಿಸಿದ್ರೆ ಸೂಪರ್ ಬಿಲ್ಟಪ್, ಬೆಂಗಳೂರಲ್ಲಿ ಬಾಡಿಗೆ ಲೆಕ್ಕ ಸಾಮಾನ್ಯವಾಗಿ ಇದರ ಮೇಲೇನೇ. ಹೀಗೆ ಮೇಲೆ ಸೇರಿಸಿದ್ದಕ್ಕೇ ಲೋಡಿಂಗ್ ಅನ್ನೋದು.

ನನ್ನ ಸ್ನೇಹಿತರೊಬ್ರು 20 ಜನರ ಆಫೀಸಿಗೆ ಎರಡು ಜಾಗ ನೋಡಿದ್ರು. ಒಂದು 2000 ಸ್ಕ್ವೇರ್ ಫೀಟು, ರೇಟು 80. ಇನ್ನೊಂದು 1500, ರೇಟು 95. ಮೊದಲನೇದೇ ಅಗ್ಗ, ಜಾಗಾನೂ ದೊಡ್ಡದು ಅಂತ ಅಡ್ವಾನ್ಸ್ ಕೊಡೋಕೆ ಹೊರಟಿದ್ರು. ತಡೀರಿ ಅಂತ ಟೇಪ್ ಹಿಡ್ಕೊಂಡು ಹೋಗಿ ಒಳಗೋಡೆಯಿಂದ ಒಳಗೋಡೆಗೆ ಅಳೆದ್ವಿ, ನೋಡಿದ್ರೆ ಎರಡರಲ್ಲೂ ಕೂರೋ ಜಾಗ 1200 ಮಾತ್ರ! ಮೊದಲನೇದಕ್ಕೆ ತಿಂಗಳಿಗೆ 1,60,000, ಅದನ್ನ 1200ರಿಂದ ಭಾಗಿಸಿದ್ರೆ 133 ರೂಪಾಯಿ ಚಿಲ್ಲರೆ. ಎರಡನೇದು 1,42,500, ಅಂದ್ರೆ 118.75.

ಇಲ್ಲಿ ಪರ್ಸೆಂಟೇಜಿನ ಗೊಂದಲ ಬೇರೆ ಇತ್ತು, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಮೊದಲನೇ ಓನರ್ ಹೇಳಿದ್ದು 40 ಪರ್ಸೆಂಟ್ ಲೋಡಿಂಗ್ ಅಂತ. ಕಾರ್ಪೆಟ್ ಮೇಲೆ 40 ಅಂದಿದ್ರೆ ನಮಗೆ 1428 ಸ್ಕ್ವೇರ್ ಫೀಟಿನ ಹತ್ರ ಸಿಗಬೇಕಿತ್ತು. ಅವರು ತೆಗೆದಿದ್ದು 2000ದಲ್ಲಿ 40, ಅದು 800 ಅಡಿ, ಅದನ್ನೇ 1200ರ ಮೇಲೆ ನೋಡಿದ್ರೆ ಲೋಡಿಂಗ್ 66 ಪರ್ಸೆಂಟಿಗೂ ಜಾಸ್ತಿ. ಎರಡನೆಯವರು ಹೇಳಿದ 25 ಮಾತ್ರ ಕಾರ್ಪೆಟ್ ಮೇಲಿನ ಲೆಕ್ಕ, 1200ಕ್ಕೆ 300 ಸೇರಿ 1500. ಅದಕ್ಕೇ ಬರೀ ಪರ್ಸೆಂಟ್ ಕೇಳ್ಬೇಡಿ, ಯಾವುದರ ಮೇಲೆ ಅಂತ ಕೇಳಿ.

ಬಾಡಿಗೆಗೇ ಮುಗಿಯಲ್ಲ ಇದು. ಮೇಂಟೆನೆನ್ಸು ಎರಡೂ ಕಡೆ 12 ರೂಪಾಯಿ, ಅದೂ ಸೂಪರ್ ಬಿಲ್ಟಪ್ ಮೇಲೇನೇ, ಒಂದು ಕಡೆ 24,000, ಇನ್ನೊಂದು ಕಡೆ 18,000. ಎಲ್ಲ ಕೂಡಿಸಿದ್ರೆ ಅಷ್ಟೇ ಜಾಗಕ್ಕೆ ತಿಂಗಳಿಗೆ 23,500 ಹೆಚ್ಚು, ಜಿಎಸ್‌ಟಿ ಬಿಟ್ಟು. ಡಿಪಾಸಿಟ್ ಇಷ್ಟು ತಿಂಗಳ ಬಾಡಿಗೆ ಅಂತ ಇರುತ್ತಲ್ಲ, ಅದೂ ಏರುತ್ತೆ.

ಲೋಡಿಂಗೇ ಮೋಸ ಅಂತಲ್ಲ, ದೊಡ್ಡ ಲಾಬಿ, ಜಾಸ್ತಿ ಲಿಫ್ಟು ಬೇಕಿರೋರು ಅದಕ್ಕೆ ದುಡ್ಡು ಕೊಡಲಿ. ಆದ್ರೆ ಅಗ್ರಿಮೆಂಟಲ್ಲಿ ಕಾರ್ಪೆಟ್ ಏರಿಯಾ ಅಂಕಿಯಲ್ಲಿ ಬರೆಸಿ, ಫ್ಲೋರ್ ಪ್ಲಾನ್ ಲಗತ್ತಿಸಿ, ಕಂಬಗಳನ್ನ ಒಳಗೆ ಸೇರಿಸಿದಾರಾ ಇಲ್ವಾ ಅನ್ನೋದೂ ಅದರಲ್ಲೇ ಇರಲಿ. ನನ್ನ ಸ್ನೇಹಿತರು ಕೊನೆಗೆ 95ರ ಜಾಗಾನೇ ಹಿಡಿದ್ರು. ನಮಸ್ಕಾರ.