ಮೊಣಕೈಯನ್ನಲ್ಲ, ಕಲ್ಲುರಾಶಿಯನ್ನು ಹುಡುಕಿ

ಎಲ್ಲರಿಗೂ ನಮಸ್ಕಾರ. ಪಿಸಿಎ ಎಂದರೇನು, ಐಗೆನ್ ಮೌಲ್ಯ ಎಲ್ಲಿಂದ ಬರುತ್ತದೆ ಎಂಬುದು ಹಿಂದಿನ ಗೋಷ್ಠಿಯಲ್ಲೇ ಆಗಿದೆ, ಅದನ್ನು ಮತ್ತೆ ಶುರುಮಾಡುವುದಿಲ್ಲ. ನನ್ನ ತಕರಾರು ಅದರ ನಂತರದ ಒಂದೇ ಹೆಜ್ಜೆಯ ಬಗ್ಗೆ. ಐಗೆನ್ ಮೌಲ್ಯಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಸ್ಕ್ರೀ ಪ್ಲಾಟ್ ಎಳೆಯುತ್ತೇವೆ, ಗೆರೆ ಎಲ್ಲಿ ಮೊಣಕೈಯಂತೆ ಬಾಗಿತೋ ಅಲ್ಲಿ ಬಾಣದ ಗುರುತು ಹಾಕುತ್ತೇವೆ, 'ಮೂರು ಘಟಕಗಳನ್ನು ಉಳಿಸಿಕೊಂಡೆವು' ಎಂದು ಬರೆದು ಮುಂದೆ ಹೋಗುತ್ತೇವೆ. ಆ ಬಾಣ ಅಲ್ಲಿಗೇ ಏಕೆ ಬಂತು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಒಂದು ಮೌಖಿಕ ಪರೀಕ್ಷೆಯ ಕಥೆ ಹೇಳಿಬಿಡುತ್ತೇನೆ. ನನ್ನ ವಿದ್ಯಾರ್ಥಿಗಳು ಇದನ್ನು ಬಹಳ ಸಲ ಕೇಳಿದ್ದಾರೆ, ಅವರು ಕಣ್ಣುಮುಚ್ಚಿಕೊಳ್ಳಬಹುದು. ಅಭ್ಯರ್ಥಿ ಪರದೆಯ ಮೇಲೆ ಸ್ಕ್ರೀ ಪ್ಲಾಟ್ ತೋರಿಸಿದರು, ಬಾಣ ಮೂರರ ಮೇಲಿತ್ತು. ನನ್ನ ಪಕ್ಕದಲ್ಲಿದ್ದ ಪರೀಕ್ಷಕರು 'ನನಗೆ ಎರಡಕ್ಕೇ ಬಾಗಿದಂತೆ ಕಾಣುತ್ತದಲ್ಲ' ಎಂದರು. ಆಚೆ ಬದಿಯವರು 'ಇಲ್ಲ ಸರ್, ನಾಲ್ಕು' ಎಂದರು. ಮಾರ್ಗದರ್ಶಕರು ಸಹಜವಾಗಿಯೇ ಪ್ರಬಂಧದಲ್ಲಿ ಇದ್ದದ್ದೇ ಸರಿ ಎಂದರು. ವಾದ ಜೋರಾಯಿತು, ಚಹಾ ಬಂತು, ಆರಿತು. ಕೊನೆಗೆ ನಾನು ಅಭ್ಯರ್ಥಿಯನ್ನು ಕೇಳಿದೆ: 'ಆ ಚಿತ್ರವನ್ನು ಸ್ವಲ್ಪ ಅಗಲಕ್ಕೆ ಎಳೆಯುತ್ತೀರಾ?' ಎಳೆದರು. ಎರಡು ಎಂದವರು 'ಹಾಂ, ಈಗ ನಾಲ್ಕು ಇರಬಹುದು' ಎಂದರು! ಸಂಖ್ಯೆಗಳು ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಚಿತ್ರದ ಉದ್ದ ಅಗಲದ ಅನುಪಾತ ಮಾತ್ರ.

ಹಾಗಂತ ಸ್ಕ್ರೀ ಪ್ಲಾಟನ್ನು ಬಿಸಾಡಿ ಎನ್ನುತ್ತಿಲ್ಲ. ನಾವು ಅದನ್ನು ತಲೆಕೆಳಗಾಗಿ ಓದುತ್ತಿದ್ದೇವೆ, ಅಷ್ಟೆ. 1966ರಲ್ಲಿ ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಈ ಪರೀಕ್ಷೆಯನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಕಡಿದಾದ ಬಂಡೆಯ ಬುಡದಲ್ಲಿ ಇಳಿಜಾರಾಗಿ ಬಿದ್ದಿರುವ ಕಲ್ಲುರಾಶಿ, ಇಂಗ್ಲಿಷಿನಲ್ಲಿ 'ಸ್ಕ್ರೀ' ಎಂದರೆ ಅದೇ. ಮೊದಲು ಗುರುತಿಸಬೇಕಾದದ್ದು ಆ ರಾಶಿಯನ್ನು. ಅಂದರೆ ನಕ್ಷೆಯನ್ನು ಬಲತುದಿಯಿಂದ ಓದಬೇಕು. ಕೊನೆಯ ಬಿಂದುಗಳು ಹೆಚ್ಚುಕಡಿಮೆ ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಆ ಗೆರೆಯನ್ನು ಎಡಕ್ಕೆ ಚಾಚಿ, ಅದಕ್ಕಿಂತ ಸ್ಪಷ್ಟವಾಗಿ ಮೇಲೆ ನಿಂತ ಬಿಂದುಗಳನ್ನು ಎಣಿಸಬೇಕು.

ಒಂದು ಲೆಕ್ಕ ಮಾಡೋಣ, ಉದಾಹರಣೆಗೆಂದು ನಾನೇ ಕಟ್ಟಿದ್ದು. ಹತ್ತು ಪ್ರಶ್ನೆಗಳ ಪ್ರಶ್ನಾವಳಿ, 200 ಜನರ ಉತ್ತರ, ಎಲ್ಲ ಚರಗಳನ್ನೂ ಒಂದೇ ಅಳತೆಗೆ ತಂದಿದ್ದೇವೆ. ಆದ್ದರಿಂದ ಐಗೆನ್ ಮೌಲ್ಯಗಳ ಮೊತ್ತ ಹತ್ತು. ಅವು ಹೀಗಿವೆ: 3.60, 1.90, 1.05, ಆಮೇಲೆ 0.68, 0.61, 0.55, 0.50, 0.43, 0.37, 0.31. ಬಲದಿಂದ ಬನ್ನಿ. 0.31ರಿಂದ 0.68ರವರೆಗೆ ಪ್ರತಿ ಹೆಜ್ಜೆಗೂ ಸುಮಾರು 0.06 ಏರಿಕೆ. ಇದೇ ರಾಶಿ. ಗೆರೆಯನ್ನು ಇನ್ನೊಂದು ಹೆಜ್ಜೆ ಚಾಚಿದರೆ ಮೂರನೆಯ ಸ್ಥಾನದಲ್ಲಿ 0.74 ಇರಬೇಕಿತ್ತು. ಇರುವುದು 1.05. ಮಾದರಿ ದೋಷದ ಒರಟು ಅಂದಾಜು ಬೇಕಿದ್ದರೆ ಐಗೆನ್ ಮೌಲ್ಯವನ್ನು √(2/n) ಇಂದ ಗುಣಿಸಿ. ಇಲ್ಲಿ √(2/200) ಅಂದರೆ 0.1, ಹಾಗಾಗಿ 1.05ರ ದೋಷ ಸುಮಾರು 0.105. ಗೆರೆಗಿಂತ ಮೇಲಿರುವ ಅಂತರ 0.31, ಆ ದೋಷದ ಸುಮಾರು ಮೂರು ಪಟ್ಟು. ಮೂರನೆಯದು ರಾಶಿಗೆ ಸೇರಿದ್ದಲ್ಲ ಎನ್ನಲು ಇದು ಒಂದು ಕಾರಣ. ಚಿತ್ರವನ್ನು ಹೇಗೆ ಎಳೆದರೂ ಈ ಕಾರಣ ಅಲುಗುವುದಿಲ್ಲ. ಅಂದಹಾಗೆ, ಮೊದಲ ಐಗೆನ್ ಮೌಲ್ಯ ತೀರಾ ದೊಡ್ಡದಿದ್ದರೆ ಉಳಿದವೆಲ್ಲ ನೆಲಕ್ಕೆ ಅಂಟಿದಂತೆ ಕಾಣುತ್ತವೆ. ಆಗ ಅದೊಂದನ್ನು ಬಿಟ್ಟು ನಕ್ಷೆಯನ್ನು ಮತ್ತೊಮ್ಮೆ ಎಳೆಯಿರಿ.

ಈಗ ಯಾರೋ 'ಇಷ್ಟೆಲ್ಲ ಯಾಕೆ, ಒಂದಕ್ಕಿಂತ ದೊಡ್ಡದನ್ನು ಉಳಿಸಿಕೊಂಡರಾಯಿತಲ್ಲ' ಎಂದು ಗೊಣಗುತ್ತಿದ್ದೀರಿ, ಕೇಳಿಸುತ್ತಿದೆ. ಕೈಸರ್ ನಿಯಮ. ಹಲವು ತಂತ್ರಾಂಶಗಳು ಕೇಳದೆಯೇ ಅದನ್ನು ಹಚ್ಚಿಬಿಡುತ್ತವೆ. ಪರಸ್ಪರ ಏನೇನೂ ಸಂಬಂಧವಿಲ್ಲದ ಇಪ್ಪತ್ತು ಚರಗಳನ್ನು ಯಾದೃಚ್ಛಿಕವಾಗಿ ಸೃಷ್ಟಿಸಿ, ನೂರು ಸಾಲು ಸಾಕು. ನಿಜವಾದ ಐಗೆನ್ ಮೌಲ್ಯಗಳೆಲ್ಲ ತಲಾ 1. ಆದರೂ ಲೆಕ್ಕಕ್ಕೆ ಬರುವ ಅತಿ ದೊಡ್ಡದು ಎರಡರ ಹತ್ತಿರ ಹೋಗುತ್ತದೆ, ಚಿಕ್ಕದು 0.3ರ ಆಸುಪಾಸಿಗೆ ಇಳಿಯುತ್ತದೆ. ನಿಯಮ ಕೇಳಿದರೆ ಎಂಟೊಂಬತ್ತು ಘಟಕ ಉಳಿಸಿಕೊಳ್ಳಿ ಎನ್ನುತ್ತದೆ. ಬರೀ ಗದ್ದಲದಲ್ಲಿ ಎಂಟೊಂಬತ್ತು! ರಾಶಿ ಯಾವಾಗಲೂ ಇಳಿಜಾರಾಗಿಯೇ ಇರುತ್ತದೆ, ಅದು ಸಮತಟ್ಟಾಗಿರಬೇಕೆಂದು ಕಾಯಬೇಡಿ.

ಈ ಗದ್ದಲದ ಇಳಿಜಾರನ್ನೇ ಅಳತೆಗೋಲಾಗಿಸಿದ್ದು ಜಾನ್ ಹಾರ್ನ್ ಅವರ ಸಮಾಂತರ ವಿಶ್ಲೇಷಣೆ. ಅದು ಬಂದದ್ದು 1965ರಲ್ಲಿ, ಕ್ಯಾಟೆಲ್‌ಗಿಂತ ಒಂದು ವರ್ಷ ಮೊದಲೇ. ನಿಮ್ಮ ಡೇಟಾದಷ್ಟೇ ಸಾಲು, ಅಷ್ಟೇ ಚರಗಳಿರುವ ಯಾದೃಚ್ಛಿಕ ಡೇಟಾವನ್ನು ಸಾವಿರ ಸಲ ಸೃಷ್ಟಿಸಿ, ಅದರ ಸರಾಸರಿ ಐಗೆನ್ ಮೌಲ್ಯಗಳನ್ನು ಅದೇ ನಕ್ಷೆಯಲ್ಲಿ ಎರಡನೆಯ ಗೆರೆಯಾಗಿ ಎಳೆಯಿರಿ. ನಮ್ಮ ಉದಾಹರಣೆಗೆ ಆ ಗೆರೆಯ ಮೂರನೆಯ ಬಿಂದು 1.15 ಮತ್ತು 1.2ರ ನಡುವೆ ಬರುತ್ತದೆ. ನಮ್ಮದು 1.05. ಅಂದರೆ ಇದು ಹೇಳುವುದು ಎರಡು. ರಾಶಿ ಹೇಳಿದ್ದು ಮೂರು. ನೋಡಿ, ಮೌಖಿಕ ಪರೀಕ್ಷೆಯ ಜಗಳ ಮತ್ತೆ ಶುರು.

ಆದರೆ ಈ ಜಗಳಕ್ಕೆ ಕಾರಣ ಕಾಣುತ್ತದೆ, ಅದೇ ದೊಡ್ಡ ಲಾಭ. ಮೊದಲ ಎರಡು ಘಟಕಗಳು ಹತ್ತರಲ್ಲಿ 5.5 ನುಂಗಿವೆ. ಉಳಿದ ಎಂಟಕ್ಕೆ ಸಿಕ್ಕಿದ್ದು 4.5, ತಲೆಗೆ ಸರಾಸರಿ 0.56. ಯಾದೃಚ್ಛಿಕ ಡೇಟಾದಲ್ಲಿ ಯಾರೂ ಹಾಗೆ ನುಂಗಿರುವುದಿಲ್ಲ, ಅಲ್ಲಿ ಸರಾಸರಿ ಒಂದು. ಹಾಗಾಗಿ ಮೊದಲ ಘಟಕ ಬಲವಾಗಿದ್ದಾಗ ಸಮಾಂತರ ವಿಶ್ಲೇಷಣೆ ನಂತರದವುಗಳ ಮೇಲೆ ಬಿಗಿಯಾಗುತ್ತದೆ, ಇರುವುದಕ್ಕಿಂತ ಕಡಿಮೆ ಎಣಿಸಿಬಿಡಬಹುದು. ಅದು ಎರಡು ಎಂದಿತು ಎಂಬ ಒಂದೇ ಕಾರಣಕ್ಕೆ ಮೂರನೆಯದನ್ನು ಎಸೆಯಬೇಡಿ.

ಸಮಯ ಆಗುತ್ತಿದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಾಗಿದ್ದರೆ ತೀರ್ಮಾನ ಹೇಗೆ? ಮೂರನೆಯ ಘಟಕದ ಲೋಡಿಂಗ್‌ಗಳನ್ನು ತೆರೆದು ನೋಡಿ. ಎರಡೇ ಪ್ರಶ್ನೆಗಳ ಮೇಲೆ ತಲಾ 0.7ರಷ್ಟು, ಉಳಿದವುಗಳ ಮೇಲೆ ಸೊನ್ನೆಯ ಹತ್ತಿರ ಬಂದಿದೆಯೇ? ಆ ಎರಡು ಪ್ರಶ್ನೆಗಳನ್ನು ಓದಿ. ಒಂದೇ ಮಾತನ್ನು ಎರಡು ರೀತಿ ಕೇಳಿರುತ್ತೀರಿ. ಅದು ನಿಜವಾದ ಘಟಕವೇ, ಗದ್ದಲವಲ್ಲ. ಆದರೆ ಅದಕ್ಕೆ ಕಾರಣ ಜನರಲ್ಲ, ಪ್ರಶ್ನಾವಳಿ. ಹಾಗಲ್ಲದೆ ನಾಲ್ಕೈದು ಪ್ರಶ್ನೆಗಳ ಮೇಲೆ ಹರಡಿದ್ದರೆ 200 ಜನರನ್ನು ಎರಡು ಪಾಲು ಮಾಡಿ ಎರಡರಲ್ಲೂ ಪಿಸಿಎ ಮಾಡಿ. ಮೂರನೆಯದು ಎರಡೂ ಕಡೆ ಅದೇ ಪ್ರಶ್ನೆಗಳೊಂದಿಗೆ ಮತ್ತೆ ಬಂದರೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ಬಿಡಿ.

ಒಟ್ಟು ವೇರಿಯನ್ಸ್‌ನ ಶೇಕಡಾ 80 ಎಂಬ ಗಡಿಯ ಬಗ್ಗೆ ಹೇಳಬೇಕಿತ್ತು, ಸಮಯವಿಲ್ಲ. ಡೇಟಾವನ್ನು ಸಂಕ್ಷೇಪಿಸಿಡುವುದೊಂದೇ ಉದ್ದೇಶವಾದರೆ ಅದು ಸಾಕು, ಬಿಡಿ.

ಹಿಂದಿನ ಸಾಲಿನಿಂದ ಆಗಲೇ ಒಂದು ಕೈ ಎದ್ದಿತ್ತು: ನಾಲ್ಕೇ ಚರಗಳಿದ್ದರೆ? ಆರ್ ತಂತ್ರಾಂಶದಲ್ಲಿರುವ `USArrests` ಡೇಟಾ ಹಾಗೆಯೇ. ಒಂದೇ ಅಳತೆಗೆ ತಂದ ಮೇಲೆ ಅದರ ಐಗೆನ್ ಮೌಲ್ಯಗಳು 2.48, 0.99, 0.36, 0.17. ಕೈಸರ್ ನಿಯಮ ಎರಡನೆಯದನ್ನು ಕೂದಲೆಳೆಯಲ್ಲಿ ಹೊರಹಾಕುತ್ತದೆ, ಅದರ ಪಾಲು ವೇರಿಯನ್ಸ್‌ನಲ್ಲಿ ಶೇಕಡಾ 25ರಷ್ಟಿದ್ದರೂ. ರಾಶಿ ಎನ್ನಲು ಉಳಿಯುವುದು ಎರಡೇ ಬಿಂದು, ಯಾವ ಎರಡು ಬಿಂದುಗಳ ನಡುವೆಯೂ ನೇರ ಗೆರೆ ಎಳೆಯಬಹುದು. ಅಲ್ಲಿ ಸ್ಕ್ರೀ ಪ್ಲಾಟ್ ಏನೂ ಹೇಳುವುದಿಲ್ಲ. ಬಿಂದುಗಳು ಕಡಿಮೆ ಎಂದು ತಿಳಿದೂ ಬಾಣ ಹಾಕುವುದು ಬೇಡ. ಇನ್ನುಳಿದ ಪ್ರಶ್ನೆಗಳಿಗೆ ಹೊರಗೆ ಸಿಗುತ್ತೇನೆ, ನಮಸ್ಕಾರ.